ಎಂಟು, ಎಟ್ಟ್: ಕೊಡಗಿನ ನುಡಿಗಳಲ್ಲಿ ಯಾವುದು ಭಾಷೆ, ಯಾವುದು ಉಪಭಾಷೆ?

ಪ್ರಶ್ನೆ: ನಮ್ಮ ಮನೆಮಾತು ಅರೆಭಾಷೆ, ಪಕ್ಕದ ಮನೆಯವರದು ಕೊಡವ ತಕ್ಕ್. ಶಾಲೆಯಲ್ಲಿ ನಮಗೆ ಎರಡೂ ಕನ್ನಡದ ಉಪಭಾಷೆಗಳು ಎಂದು ಹೇಳಿಕೊಟ್ಟಿದ್ದರು. ಈಗ ಎರಡಕ್ಕೂ ಸರ್ಕಾರದ ಅಕಾಡೆಮಿಗಳಿವೆ, ಎರಡನ್ನೂ ಭಾಷೆ ಎನ್ನುತ್ತಾರೆ. ನಿಜ ಯಾವುದು? ಇದನ್ನು ತೀರ್ಮಾನಿಸುವವರು ಯಾರು? (ಮಡಿಕೇರಿ ತಾಲ್ಲೂಕಿನ ಓದುಗರು)

ಉತ್ತರ:

ಇಲ್ಲಿ ಎರಡು ಬೇರೆ ಬೇರೆ ವಿಚಾರಗಳು ಒಂದೇ ಮಾತಿನಲ್ಲಿ ಸೇರಿಕೊಂಡಿವೆ. ಒಂದು ನುಡಿಯು ಯಾವ ಕವಲಿನಿಂದ ಬಂದಿದೆ ಎಂಬುದು ಮೊದಲನೆಯದು. ಅದಕ್ಕೆ ಭಾಷಾವಿಜ್ಞಾನ ಸಾಕ್ಷ್ಯವಿಟ್ಟು ಉತ್ತರ ಕೊಡಬಲ್ಲದು. ಆ ನುಡಿಗೆ ‘ಭಾಷೆ’ ಎಂಬ ಹೆಸರು ಸಲ್ಲಬೇಕೇ ಎಂಬುದು ಎರಡನೆಯದು. ಅದನ್ನು ಸರ್ಕಾರ, ಶಾಲೆ, ಅಕಾಡೆಮಿ ಮತ್ತು ಆಡುವ ಜನ ಸೇರಿ ತೀರ್ಮಾನಿಸುತ್ತಾರೆ. ಮೊದಲನೆಯದಕ್ಕೆ ನನ್ನ ಉತ್ತರ ನೇರವಾಗಿದೆ. ಕೊಡವ ತಕ್ಕ್ ಕನ್ನಡದ ಉಪಭಾಷೆಯಲ್ಲ, ಎಂದೂ ಆಗಿರಲಿಲ್ಲ. ನಿಮ್ಮ ಅರೆಭಾಷೆ ಕನ್ನಡದ ಕವಲಿನದೇ. ಎರಡನೆಯದಕ್ಕೆ ಉತ್ತರ ಹುಡುಕಲು ಹೊರಟರೆ ಕೊಡಗಿನ ಚರಿತ್ರೆಯ ಒಳಗೇ ಹೋಗಬೇಕಾಗುತ್ತದೆ.

ಮೊದಲು ಕವಲಿನ ಮಾತು. ಇದಕ್ಕೆ ದೊಡ್ಡ ಗ್ರಂಥಗಳೇನೂ ಬೇಡ, ಪಕ್ಕದ ಮನೆಯವರನ್ನು ಹತ್ತರವರೆಗೆ ಎಣಿಸಲು ಕೇಳಿದರೆ ಸಾಕು. ಅವರು ಒಂದ್, ದಂಡ್, ಮೂಂದ್, ನಾಲ್, ಅಂಜಿ, ಆರ್, ಏಳ್, ಎಟ್ಟ್ ಎಂದು ಸಾಗಿ ಪತ್ತ್‌ಗೆ ನಿಲ್ಲುತ್ತಾರೆ. ಇವುಗಳಲ್ಲಿ ಮೂರು, ಐದು, ಎಂಟು ಎಂಬ ಮೂರನ್ನು ಮಾತ್ರ ಹತ್ತಿರದಿಂದ ನೋಡೋಣ.

ಮೂಲ ದ್ರಾವಿಡದಲ್ಲಿ ‘ಮೂರು’ ಎಂಬುದರ ನಡುವೆ ಒಂದು ಅನುನಾಸಿಕವಿತ್ತು. ತಮಿಳು ಅದನ್ನು ಉಳಿಸಿಕೊಂಡಿದೆ, ಮಲಯಾಳದ ‘ಮೂನ್ನು’ ಉಳಿಸಿಕೊಂಡಿದೆ, ಕೊಡವರ ‘ಮೂಂದ್’ ಕೂಡ ಉಳಿಸಿಕೊಂಡಿದೆ. ಕನ್ನಡವಾದರೋ ಅದನ್ನು ಬಹಳ ಹಿಂದೆಯೇ ಕಳೆದುಕೊಂಡಿತು. ಹಳಗನ್ನಡದಲ್ಲೂ ಅದು ಇಲ್ಲ. ಅಂದರೆ ಕನ್ನಡದೊಳಗೆ ನಡೆದ ಒಂದು ಹಳೆಯ ಬದಲಾವಣೆ ಕೊಡವ ತಕ್ಕ್‌ಗೆ ತಾಗಿಯೇ ಇಲ್ಲ. ಎಂಟರಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಮೂಲರೂಪದಲ್ಲಿ ‘ಣ’ಕಾರವೂ ಒತ್ತುಳ್ಳ ‘ಟ್ಟ’ವೂ ಒಟ್ಟಿಗೆ ಇದ್ದವು ಎಂದು ವಿದ್ವಾಂಸರು ಪುನಾರಚಿಸಿದ್ದಾರೆ. ಕನ್ನಡವು ಅನುನಾಸಿಕವನ್ನು ಇಟ್ಟುಕೊಂಡು ಒತ್ತನ್ನು ಬಿಟ್ಟಿತು, ಹಾಗಾಗಿ ‘ಎಂಟು’. ತಮಿಳು ಮತ್ತು ಮಲಯಾಳ ಅನುನಾಸಿಕವನ್ನು ಬಿಟ್ಟು ಒತ್ತನ್ನು ಇಟ್ಟುಕೊಂಡವು, ಹಾಗಾಗಿ ‘ಎಟ್ಟು’. ಕೊಡವ ತಕ್ಕ್ ನಿಂತಿರುವುದು ಅವುಗಳ ಜೊತೆಗೆ. ಐದರಲ್ಲೂ ಹಾಗೆಯೇ: ನಮ್ಮದು ‘ಐದು’, ಮಲಯಾಳದ್ದು ‘ಅಂಚು’, ಆಡುತಮಿಳಿನದು ‘ಅಂಜು’, ಕೊಡವರದು ‘ಅಂಜಿ’.

‘ಪತ್ತ್’ ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಅನೇಕರು ಮೊದಲು ತೋರಿಸುವುದೇ ಅದನ್ನು. ಹತ್ತಕ್ಕೆ ಪತ್ತ್, ಹಾಲಿಗೆ ಪಾಲ್, ಹೆಣ್ಣಿಗೆ ಪೊಣ್ಣ್. ಹಳಗನ್ನಡದಲ್ಲೂ ಪತ್ತು, ಪಾಲ್, ಪೆಣ್ ಇದ್ದವಲ್ಲ, ಆದ್ದರಿಂದ ಕೊಡವ ತಕ್ಕ್ ಹಳಗನ್ನಡದ ಒಂದು ಉಳಿಕೆ ಎಂದು ಅವರು ವಾದಿಸುತ್ತಾರೆ. ಕೊಡಗಿನಲ್ಲಿ ಈ ವಾದವನ್ನು ಪ್ರೀತಿಯಿಂದ ಹೇಳುವ ಕನ್ನಡಿಗರು ಹಲವರಿದ್ದಾರೆ. ಅವರ ಪ್ರೀತಿಯಲ್ಲಿ ನನಗೆ ಸಂದೇಹವಿಲ್ಲ, ಆದರೆ ವಾದ ನಿಲ್ಲುವುದಿಲ್ಲ. ಪದದ ಮೊದಲಿನ ಪಕಾರ ಇಡೀ ದ್ರಾವಿಡ ಕುಲಕ್ಕೇ ಮೂಲದಿಂದ ಬಂದದ್ದು. ಅದನ್ನು ಉಳಿಸಿಕೊಂಡ ಎರಡು ನುಡಿಗಳು ಅಷ್ಟರಿಂದಲೇ ಹತ್ತಿರದವಾಗುವುದಿಲ್ಲ. ಅಜ್ಜನ ಆಸ್ತಿ ಎಲ್ಲ ಮೊಮ್ಮಕ್ಕಳಿಗೂ ಬರುವಂತೆ ಅದು ಎಲ್ಲರಿಗೂ ಬಂದಿದೆ. ಎರಡು ನುಡಿಗಳು ಒಂದೇ ಕವಲಿನವು ಎನ್ನಬೇಕಾದರೆ ಇಬ್ಬರೂ ಕೂಡಿ ಮಾಡಿಕೊಂಡ ಹೊಸ ಬದಲಾವಣೆಯನ್ನು ತೋರಿಸಬೇಕು. ಪಕಾರ ಉಳಿದದ್ದು ಸಾಕ್ಷ್ಯವಲ್ಲ. ಎಂಟು ಎಟ್ಟ್ ಆದದ್ದು ಸಾಕ್ಷ್ಯ.

ಹಾಗೆಂದು ಕೊಡವ ತಕ್ಕ್ ತಮಿಳಿನ ಅಥವಾ ಮಲಯಾಳದ ಉಪಭಾಷೆಯೂ ಅಲ್ಲ. ಕಿವಿಯನ್ನು ಕೊಡವರು ‘ಕೆಮಿ’ ಎನ್ನುತ್ತಾರೆ. ತಮಿಳು, ಮಲಯಾಳಗಳಲ್ಲಿ ಇಂಥ ಕಡೆ ಕಕಾರ ಚಕಾರವಾಗಿ ‘ಚೆವಿ’ ಎಂಬ ರೂಪ ಬಂದಿದೆ. ತಮಿಳಿನ ಅತ್ಯಂತ ಹಳೆಯ ಸಾಹಿತ್ಯದಲ್ಲೇ ಈ ಬದಲಾವಣೆ ಕಾಣುತ್ತದೆ. ಕೊಡವ ತಕ್ಕ್ ಅದರಲ್ಲಿ ಪಾಲುಗೊಳ್ಳಲಿಲ್ಲ ಎಂದರೆ ಅದು ಅಷ್ಟು ಹಿಂದೆಯೇ ತನ್ನ ದಾರಿ ಹಿಡಿದಿತ್ತು ಎಂದರ್ಥ. ಅದರ ಸ್ವಂತ ಬೆಳವಣಿಗೆಗಳೂ ಇವೆ. ನಾಲಿಗೆಯ ನಡುಭಾಗವನ್ನು ಎತ್ತಿ, ತುಟಿಯನ್ನು ದುಂಡಾಗಿಸದೆ ಉಚ್ಚರಿಸುವ ಸ್ವರಗಳು ಅದರಲ್ಲಿವೆ. ಇ, ಎ ಸ್ವರಗಳು ‘ಟ’ವರ್ಗದ ವ್ಯಂಜನಗಳ ಮುಂದೆ ಆ ಕಡೆಗೆ ಜಾರುತ್ತವೆ, ಆದರೆ ಪ, ಮ, ವಗಳಂಥ ತುಟಿಯ ವ್ಯಂಜನ ಹಿಂದಿದ್ದರೆ ಉ, ಒ ಆಗುತ್ತವೆ. ‘ಪೆಣ್’ ಎಂಬುದು ‘ಪೊಣ್ಣ್’ ಆದದ್ದು ಹೀಗೆ. 1930ರ ದಶಕದಲ್ಲಿ ಕೊಡಗಿನಲ್ಲಿ ಕ್ಷೇತ್ರಕಾರ್ಯ ಮಾಡಿದ ಭಾಷಾವಿಜ್ಞಾನಿ ಎಂ. ಬಿ. ಎಮಿನೋ ಮುಂದೆ 1970ರಲ್ಲಿ ಈ ಸ್ವರಗಳ ಕುರಿತಾಗಿಯೇ ಪ್ರತ್ಯೇಕ ಲೇಖನ ಬರೆದರು. ನಮ್ಮ ಲಿಪಿಯಲ್ಲಿ ಅವಕ್ಕೆ ಚಿಹ್ನೆಯಿಲ್ಲ. ‘ಪತ್ತ್’, ‘ತಕ್ಕ್’ ಎಂದು ನಾವು ಅರ್ಧಾಕ್ಷರದಲ್ಲಿ ನಿಲ್ಲಿಸಿ ಬರೆಯುವಲ್ಲಿ ಕೊಡವರ ಬಾಯಲ್ಲಿ ಅಂಥದೊಂದು ಸ್ವರ ಇರುತ್ತದೆ.

ಇನ್ನು ‘ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾದರೆ ಉಪಭಾಷೆ, ಆಗದಿದ್ದರೆ ಭಾಷೆ’ ಎಂಬ ಅಳತೆಗೋಲು. ಇದು ಪ್ರಾಮಾಣಿಕವಾದ ಅಳತೆಯೇ. ಆದರೆ ಬಳಸುವಾಗ ಎಚ್ಚರ ಬೇಕು. ಕ್ಷೇತ್ರಕಾರ್ಯದಲ್ಲಿ ಇದನ್ನು ಪರೀಕ್ಷಿಸುವ ಕ್ರಮ ಹೀಗಿದೆ. ಒಬ್ಬರಿಂದ ತಮ್ಮ ಬದುಕಿನ ಒಂದು ಸಣ್ಣ ಘಟನೆಯನ್ನು ಮನೆಮಾತಿನಲ್ಲಿ ಹೇಳಿಸಿ ಧ್ವನಿಮುದ್ರಿಸುತ್ತಾರೆ. ಅದರ ಮೇಲೆ ಹತ್ತು ಪ್ರಶ್ನೆಗಳನ್ನು ಸಿದ್ಧಪಡಿಸಿ, ಮೊದಲು ಅದೇ ನುಡಿಯವರಿಗೆ ಕೇಳಿಸಿ ಪ್ರಶ್ನೆಗಳು ಸರಿಯಾಗಿವೆಯೇ ಎಂದು ನೋಡುತ್ತಾರೆ. ಆಮೇಲೆ ಇನ್ನೊಂದು ನುಡಿಯವರಿಗೆ ಕೇಳಿಸಿ, ಪ್ರಶ್ನೆಗಳನ್ನು ಅವರದೇ ನುಡಿಯಲ್ಲಿ ಕೇಳಿ, ಎಷ್ಟು ಉತ್ತರಗಳು ಸರಿ ಬರುತ್ತವೆ ಎಂದು ಎಣಿಸುತ್ತಾರೆ. ಕತೆ ಎಲ್ಲರಿಗೂ ಗೊತ್ತಿರುವ ಪುರಾಣದ್ದಾಗಿರಬಾರದು, ಏಕೆಂದರೆ ಆಗ ಜನ ನುಡಿಯಿಂದಲ್ಲ, ನೆನಪಿನಿಂದ ಉತ್ತರಿಸುತ್ತಾರೆ.

ಈ ಪರೀಕ್ಷೆಯನ್ನು ಕೊಡಗಿನಲ್ಲೇ ಮಾಡಿದರೆ ಫಲಿತಾಂಶ ಕೆಡುತ್ತದೆ. ವಿರಾಜಪೇಟೆಯ ಕೊಡವ ಹುಡುಗಿಗೆ ಕನ್ನಡದ ಕತೆ ಕೇಳಿಸಿದರೆ ಹತ್ತಕ್ಕೆ ಹತ್ತು ಉತ್ತರ ಬರುತ್ತದೆ. ಅವಳು ಒಂದನೇ ತರಗತಿಯಿಂದ ಕನ್ನಡ ಓದಿದ್ದಾಳೆ. ಅದು ಕಲಿಕೆಯ ಫಲ, ನುಡಿಗಳ ಹೋಲಿಕೆಯ ಫಲವಲ್ಲ. ಮಡಿಕೇರಿಯ ಸಂತೆಯಲ್ಲಿ ಬೆಳೆದ ಕನ್ನಡಿಗನಿಗೂ ಕೊಡವ ತಕ್ಕ್ ಅಷ್ಟಿಷ್ಟು ಕಿವಿಗೆ ಬಿದ್ದಿರುತ್ತದೆ. ನಿಜ ತಿಳಿಯಬೇಕಾದರೆ ಕೊಡವರ ಧ್ವನಿಮುದ್ರಿಕೆಯನ್ನು, ಕೊಡಗಿನ ಗಾಳಿಯೇ ಸೋಕದ ವಿಜಯಪುರದ ರೈತನಿಗೆ ಕೇಳಿಸಬೇಕು. ಅವನಿಗೆ ಅಲ್ಲೊಂದು ಇಲ್ಲೊಂದು ಪದ ಹಿಡಿಸಬಹುದು. ಆದರೆ ಕೊಡವರು ‘ನರಿ’ ಎಂದಾಗ ಅವನು ನರಿಯನ್ನೇ ನೆನೆಯುತ್ತಾನೆ, ಹೇಳಿದವರು ಹುಲಿಯ ಮಾತಾಡುತ್ತಿರುತ್ತಾರೆ. ಹುಲಿ ಕೊಂದವನಿಗೆ ಮಾಡುತ್ತಿದ್ದ ಗೌರವದ ವಿಧಿಗೆ ಕೊಡಗಿನಲ್ಲಿ ‘ನರಿ ಮಂಗಲ’ ಎಂದೇ ಹೆಸರು.

ಇದೇ ರೈತನಿಗೆ ಹವ್ಯಕರ ಮನೆಮಾತನ್ನು ಕೇಳಿಸಿದರೂ ಅವನು ತಡವರಿಸುತ್ತಾನೆ. ಆದರೂ ಹವ್ಯಕವನ್ನು ಬೇರೆ ಭಾಷೆ ಎನ್ನುವವರು ವಿರಳ. ಅದನ್ನು ಆಡುವವರು ತಮ್ಮನ್ನು ಕನ್ನಡಿಗರೆಂದೇ ತಿಳಿಯುತ್ತಾರೆ, ಬರೆಯುವುದಕ್ಕೆ ಶಿಷ್ಟ ಕನ್ನಡವನ್ನು ಹಿಡಿಯುತ್ತಾರೆ. ಅರ್ಥವಾಗುವಿಕೆ ಎಂಬುದು ಹೆಚ್ಚುಕಡಿಮೆಯಾಗುವ ಸಂಗತಿ. ಹತ್ತರಲ್ಲಿ ಎಂಟು ಉತ್ತರ ಸರಿಯಾದರೆ ಉಪಭಾಷೆಯೋ, ಆರು ಸರಿಯಾದರೆ ಉಪಭಾಷೆಯೋ? ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಆ ಅಂಕಿ ತಾನಾಗಿ ಹೇಳುವುದಿಲ್ಲ. ಎಳೆಯುವವರು ಜನ, ಮತ್ತು ಜನರಿಗೆ ಬೇರೆ ಕಾರಣಗಳೂ ಇರುತ್ತವೆ.

ಈಗ ನಿಮ್ಮ ಅರೆಭಾಷೆ. ಎಣಿಕೆಯ ಪರೀಕ್ಷೆಯನ್ನು ನಿಮ್ಮ ಮನೆಯಲ್ಲೇ ಮಾಡಿ ನೋಡಿ. ಮೂರು, ಐದು, ಎಂಟು, ಹತ್ತು ಎಲ್ಲವೂ ಕನ್ನಡದ ಹಾದಿಯಲ್ಲೇ ಇವೆ, ಕೊನೆಯ ಉಕಾರ ಮಾತ್ರ ಸವೆದಿರುತ್ತದೆ. ಪಕಾರ ಹಕಾರವಾಗಿದೆ, ಮತ್ತು ಇದು ಕನ್ನಡದಲ್ಲಿ ಸುಮಾರು ಹತ್ತನೇ ಶತಮಾನದಿಂದ ಈಚೆಗೆ ಹರಡಿದ ಹೊಸ ಬದಲಾವಣೆ. ನೀವು ಅದರಲ್ಲಿ ಪಾಲುದಾರರು, ಪಕ್ಕದ ಮನೆಯವರು ಅಲ್ಲ. ‘ಗೊತ್ತುಟ್ಟು’ ಎಂಬಲ್ಲಿನ ‘ಉಟ್ಟು’ವಿನಂಥ ರೂಪಗಳು ಮೈಸೂರಿನವರಿಗೆ ಹೊಸದಾಗಿ ಕೇಳಿಸುತ್ತವೆ, ಆದರೆ ಒಟ್ಟು ಕಟ್ಟಡ ಕನ್ನಡದ್ದು. ಅರೆಭಾಷೆಯ ವ್ಯಾಕರಣವನ್ನು ಆಧುನಿಕ ಕ್ರಮದಲ್ಲಿ ವಿವರಿಸಿದವರು ಕೋಡಿ ಕುಶಾಲಪ್ಪ ಗೌಡರು. 1970ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯ ಪ್ರಕಟಿಸಿದ ಆ ಕೃತಿಯ ಹೆಸರು ‘ಗೌಡ ಕನ್ನಡ’. ಕೆಲವೇ ವರ್ಷಗಳಲ್ಲಿ ಅದೇ ವಿಶ್ವವಿದ್ಯಾಲಯದಿಂದ ಆರ್. ಬಾಲಕೃಷ್ಣನ್ ಅವರ ಕೊಡವ ತಕ್ಕ್‌ನ ಅಧ್ಯಯನ ಬಂದಾಗ ಅದರ ಶೀರ್ಷಿಕೆಯಲ್ಲಿ ನುಡಿಗೆ ಇಟ್ಟ ಹೆಸರು ಬರಿಯ ‘ಕೊಡಗು’. ವಿದ್ವಾಂಸರು ಎರಡನ್ನೂ ಯಾವ ಕವಲಿಗೆ ಸೇರಿಸಿದರು ಎಂಬುದು ಹೆಸರುಗಳಲ್ಲೇ ಇದೆ.

ಹಾಗಾದರೆ ಕವಲು ಇಷ್ಟು ಸ್ಪಷ್ಟವಾಗಿರುವಾಗ ಕೊಡವ ತಕ್ಕ್‌ಗೆ ‘ಕನ್ನಡದ ಉಪಭಾಷೆ’ ಎಂಬ ಹೆಸರು ಹೇಗೆ ಅಂಟಿಕೊಂಡಿತು? ಹಾಲೇರಿ ಅರಸರ ಆಡಳಿತ ಕನ್ನಡದಲ್ಲಿ ನಡೆಯುತ್ತಿತ್ತು. ದೊಡ್ಡವೀರರಾಜೇಂದ್ರ ತನ್ನ ವಂಶದ ಚರಿತ್ರೆಯನ್ನು ಬರೆಸಿದ್ದೂ ಕನ್ನಡದಲ್ಲೇ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೂ ಶಾಲೆಯಲ್ಲಿ ಕಲಿಸುವ ನಾಡನುಡಿ ಕನ್ನಡವೇ ಆಯಿತು. ಮನೆಯಲ್ಲಿ ಒಂದು ನುಡಿ, ಕಾಗದಪತ್ರಕ್ಕೆ ಇನ್ನೊಂದು ಎಂಬ ಏರ್ಪಾಡು ಹಲವು ತಲೆಮಾರು ನಡೆದರೆ, ಬರೆಯುವ ನುಡಿ ‘ಭಾಷೆ’ಯೆಂದೂ ಮನೆಯದು ಅದರ ಒರಟು ರೂಪವೆಂದೂ ಜನ ನಂಬತೊಡಗುತ್ತಾರೆ.

ರಾಬರ್ಟ್ ಕಾಲ್ಡ್‌ವೆಲ್ ಬರೆದ ದ್ರಾವಿಡ ತೌಲನಿಕ ವ್ಯಾಕರಣದ ಎರಡು ಆವೃತ್ತಿಗಳನ್ನು ಪಕ್ಕದಲ್ಲಿಟ್ಟರೆ ಇದು ಚೆನ್ನಾಗಿ ತಿಳಿಯುತ್ತದೆ. 1856ರ ಮೊದಲ ಆವೃತ್ತಿಯ ಭಾಷಾಪಟ್ಟಿಯಲ್ಲಿ ಕೊಡಗಿನ ನುಡಿಗೆ ಸ್ವತಂತ್ರ ಜಾಗವಿಲ್ಲ. 1875ರ ಎರಡನೆಯದರಲ್ಲಿ ತಮಿಳು, ಮಲಯಾಳ, ತೆಲುಗು, ಕನ್ನಡ, ತುಳುಗಳ ಜೊತೆಗೆ ಆರನೆಯದಾಗಿ ಕೊಡಗು ಬಂದು ಕೂತಿದೆ. ಆ ಹತ್ತೊಂಬತ್ತು ವರ್ಷಗಳಲ್ಲಿ ಕೊಡವರು ಆಡುವ ಮಾತೇನೂ ಬದಲಾಗಿರಲಿಲ್ಲ. ಆದರೆ 1867ರಲ್ಲಿ ಕೊಡಗಿನ ಅಧಿಕಾರಿಯಾಗಿದ್ದ ಮೇಜರ್ ಕೋಲ್ ಆ ನುಡಿಗೊಂದು ವ್ಯಾಕರಣ ಬರೆದು ಅಚ್ಚು ಹಾಕಿಸಿದ್ದರು. ಮುಂದೆ ಅಪ್ಪಚ್ಚ ಕವಿಯ ನಾಟಕಗಳು ಬಂದವು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪ ಹಾಡು, ಗಾದೆ, ಪದ್ಧತಿಗಳನ್ನು ಒಟ್ಟುಮಾಡಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದರು. ಈ ನಾಟಕಗಳೂ ‘ಪಟ್ಟೋಲೆ ಪಳಮೆ’ಯೂ ಕನ್ನಡ ಲಿಪಿಯಲ್ಲೇ ಇವೆ, ಮತ್ತು ಇದನ್ನೇ ಹಿಡಿದು ‘ಲಿಪಿ ನಮ್ಮದು, ಆದ್ದರಿಂದ ನುಡಿಯೂ ನಮ್ಮದು’ ಎನ್ನುವವರಿದ್ದಾರೆ. ಮರಾಠಿ ಮತ್ತು ಹಿಂದಿ ಎರಡೂ ನಾಗರಿಯಲ್ಲಿ ಬರೆಯಲ್ಪಡುತ್ತವೆ. ಹಾಗೆಂದು ಮರಾಠಿಯನ್ನು ಹಿಂದಿಯ ಉಪಭಾಷೆ ಎನ್ನಲು ಯಾರೂ ಹೋಗುವುದಿಲ್ಲ.

ಇಂದು ಹೆಸರಿಡುವ ಅಧಿಕಾರ ಇರುವುದು ಮುಖ್ಯವಾಗಿ ಎರಡು ಕಡೆ. ಒಂದು ಜನಗಣತಿ, ಇನ್ನೊಂದು ಮಾನ್ಯತೆ ಪಡೆದ ಭಾಷೆಗಳ ಪಟ್ಟಿಯಾದ ಸಂವಿಧಾನದ ಎಂಟನೇ ಅನುಸೂಚಿ. ಇವೆರಡೂ ಒಂದಕ್ಕೊಂದು ಹೇಗೆ ಕೊಂಡಿಯಾಗಿವೆ ಎಂಬುದಕ್ಕೆ ಮೈಥಿಲಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1991ರ ಜನಗಣತಿಯ ಪಟ್ಟಿಯಲ್ಲಿ ಮೈಥಿಲಿ ಹಿಂದಿಯ ಕೆಳಗೆ ಬರುವ ಮಾತೃಭಾಷೆಗಳಲ್ಲಿ ಒಂದು. 2003ರಲ್ಲಿ 92ನೇ ತಿದ್ದುಪಡಿ ಅದನ್ನು ಎಂಟನೇ ಅನುಸೂಚಿಗೆ ಸೇರಿಸಿತು. ಆಮೇಲೆ ಪ್ರಕಟವಾದ 2001ರ ಪಟ್ಟಿಯಲ್ಲಿ ಅದೇ ಮೈಥಿಲಿ ಸ್ವತಂತ್ರ ಭಾಷೆ. ಬಿಹಾರದ ಹಳ್ಳಿಗಳಲ್ಲಿ ಒಂದು ಪ್ರತ್ಯಯವೂ ಬದಲಾಗಲಿಲ್ಲ, ದೆಹಲಿಯಲ್ಲಿ ಮತದಾನ ನಡೆಯಿತು ಅಷ್ಟೇ. ಐದು ಕೋಟಿ ಜನ ಆಡುವ ಭೋಜಪುರಿ 2011ರ ಪಟ್ಟಿಯಲ್ಲೂ ಹಿಂದಿಯ ಕೆಳಗೇ ಇದೆ. ಎಂಟನೇ ಅನುಸೂಚಿಗೆ ಸೇರಲು ನಿರ್ದಿಷ್ಟ ಮಾನದಂಡವಿಲ್ಲ. ಅದನ್ನು ರೂಪಿಸಲು 1996ರಲ್ಲಿ ಪಾಹ್ವಾ ಸಮಿತಿ, 2003ರಲ್ಲಿ ಸೀತಾಕಾಂತ ಮಹಾಪಾತ್ರ ಸಮಿತಿ ಪ್ರಯತ್ನಿಸಿದವು, ಫಲ ಸಿಗಲಿಲ್ಲ. ನುಡಿಗಳ ಬೆಳವಣಿಗೆಯ ಮೇಲೆ ಸಾಮಾಜಿಕ, ಆರ್ಥಿಕ, ರಾಜಕೀಯ ಸಂಗತಿಗಳ ಪ್ರಭಾವವಿರುವುದರಿಂದ ಮಾನದಂಡ ನಿಗದಿಪಡಿಸುವುದು ಕಷ್ಟ ಎಂದು ಕೇಂದ್ರ ಗೃಹ ಸಚಿವಾಲಯವೇ ಉತ್ತರ ಕೊಡುತ್ತ ಬಂದಿದೆ. ಸೇರ್ಪಡೆಗೆ ಬೇಡಿಕೆ ಇರುವ 38 ನುಡಿಗಳ ಪಟ್ಟಿಯಲ್ಲಿ ತುಳುವೂ ಇದೆ, ಕೊಡವವೂ ಇದೆ.

ಕರ್ನಾಟಕದ ಮಟ್ಟದಲ್ಲಿ ಕೊಡವ ಸಾಹಿತ್ಯ ಅಕಾಡೆಮಿ 1994ರಲ್ಲಿ, ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ 2011ರಲ್ಲಿ ಸ್ಥಾಪನೆಯಾದವು. ಅರೆಭಾಷೆಗೆ ಅಕಾಡೆಮಿ ಸಿಕ್ಕಿದ್ದು ತಪ್ಪೇ ಎಂದು ನನ್ನನ್ನು ಕೇಳಿದವರಿದ್ದಾರೆ. ಖಂಡಿತ ತಪ್ಪಲ್ಲ. ಕನ್ನಡದ ಕವಲಿನದಾಗಿರುವುದು ಕೀಳು ಸಂಗತಿಯಲ್ಲ. ನಾವು ಪುಸ್ತಕದಲ್ಲಿ ಓದುವ ಶಿಷ್ಟ ಕನ್ನಡವೂ ಒಂದು ಸೀಮೆಯ ಮಾತು ಅಚ್ಚಿನ ಬಲದಿಂದ ಮೇಲೆ ಬಂದು ಆದದ್ದೇ. ಕೊಡಗು, ಸುಳ್ಯ, ಪುತ್ತೂರುಗಳ ಗೌಡ ಸಮುದಾಯ ತನ್ನ ಮನೆಮಾತಿನಲ್ಲಿ ಬರೆಯಲು, ನಾಟಕವಾಡಲು ಒಂದು ನೆಲೆ ಬೇಕೆಂದು ಕೇಳಿತು, ಪಡೆಯಿತು. ಅದು ಸಮುದಾಯದ ಹಕ್ಕಿನ ಮಾತು. ಆದರೆ ಅಕಾಡೆಮಿ ಬಂದದ್ದರಿಂದ ಅರೆಭಾಷೆಯ ಕವಲು ಬದಲಾಗಲಿಲ್ಲ, ಹಾಗೆಯೇ ಅಕಾಡೆಮಿ ಇಲ್ಲದ ಕಾಲದಲ್ಲಿ ಕೊಡವ ತಕ್ಕ್ ಕನ್ನಡದ ಕವಲೂ ಆಗಿರಲಿಲ್ಲ.

ನಿಮ್ಮ ಪ್ರಶ್ನೆಯಲ್ಲಿಲ್ಲದ ಮೂರನೆಯ ನುಡಿಯೊಂದನ್ನು ಇಲ್ಲಿ ಸೇರಿಸಲೇಬೇಕು. ದಕ್ಷಿಣ ಕೊಡಗಿನ ಕಾಫಿ ತೋಟಗಳಲ್ಲಿ ದುಡಿಯುವ ಯರವರು ತಮ್ಮ ನಡುವೆ ಆಡುವ ಮಾತು ಅದು. ತಮ್ಮನ್ನು ಅವರು ರಾವುಳ ಎಂದು ಕರೆದುಕೊಳ್ಳುತ್ತಾರೆ. ಗಡಿಯಾಚೆ ವಯನಾಡಿನಲ್ಲೂ ಇದ್ದಾರೆ. ಭಾಷೆಗಳಿಗೆ ಮೂರಕ್ಷರದ ಗುರುತು ಕೊಡುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಡವಕ್ಕೆ kfa ಇರುವಂತೆ ಅವರ ನುಡಿಗೆ yea ಎಂಬ ಸ್ವಂತ ಗುರುತಿದೆ. ನಮ್ಮ ಜನಗಣತಿಯಲ್ಲಿ ಮಾತ್ರ ಯರವ ನುಡಿ ಮಲಯಾಳದ ಕೆಳಗೆ ಸೇರಿಹೋಗಿದೆ. ಇದಕ್ಕೆ ಅಕಾಡೆಮಿಯಿಲ್ಲ, ಪಠ್ಯವಿಲ್ಲ, ಅನುಸೂಚಿಯ ಬೇಡಿಕೆಯ ಸದ್ದೂ ಇಲ್ಲ. ತೋಟದ ಲೈನ್‌ಮನೆಯ ಮಗು ಅಂಗನವಾಡಿಗೆ ಬಂದ ದಿನದಿಂದ ಕನ್ನಡದಲ್ಲಿ ಉತ್ತರಿಸಬೇಕು. ಉತ್ತರಿಸದಿದ್ದರೆ ದಡ್ಡ ಎನಿಸಿಕೊಳ್ಳುತ್ತದೆ. ಒಂದೇ ಜಿಲ್ಲೆಯ ಈ ಮೂರು ನುಡಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಅವುಗಳ ಸ್ಥಾನಮಾನಕ್ಕೂ ವ್ಯಾಕರಣಕ್ಕೂ ಹೊಂದಿಕೆಯೇ ಕಾಣುವುದಿಲ್ಲ. ಹೊಂದಿಕೆ ಕಾಣುವುದು ಆಡುವವರ ಜಮೀನು, ಓದು ಮತ್ತು ವಿಧಾನಸೌಧದವರೆಗೆ ತಲುಪುವ ದನಿಯ ಜೊತೆಗೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಕೊನೆಗೆ, ತೀರ್ಮಾನಿಸುವವರಲ್ಲಿ ನೀವೂ ಒಬ್ಬರು ಎಂಬುದಕ್ಕೆ ಒಂದು ಪ್ರಾಯೋಗಿಕ ಮಾತು. 2001ರ ಜನಗಣತಿಯಲ್ಲಿ ಕೊಡವ ನುಡಿಯವರು 1,66,187 ಮಂದಿ, 2011ರಲ್ಲಿ 1,13,857. ಹತ್ತು ವರ್ಷಗಳಲ್ಲಿ ಮೂರನೇ ಒಂದು ಭಾಗದಷ್ಟು ಜನ ಮನೆಮಾತನ್ನು ಮರೆತರು ಎಂದು ನಾನು ನಂಬುವುದಿಲ್ಲ. ನಮೂನೆಯಲ್ಲಿ ಏನು ಹೇಳಿದರು, ಏನು ಬರೆದುಕೊಳ್ಳಲಾಯಿತು ಎಂಬುದೂ ಆ ಅಂಕಿಯಲ್ಲಿ ಸೇರಿದೆ. ಜನಗಣತಿಯು ಮಾತೃಭಾಷೆ ಎಂದು ಕೇಳುವುದು ಬಾಲ್ಯದಲ್ಲಿ ತಾಯಿ ನಿಮ್ಮೊಡನೆ ಆಡಿದ ನುಡಿಯನ್ನು. ನೀವು ಓದಿದ ಅಥವಾ ಬರೆಯುವ ನುಡಿಯನ್ನಲ್ಲ. ನೀವು ‘ಅರೆಭಾಷೆ’ ಎಂದರೆ ಹಾಗೆಯೇ ಬರೆದುಕೊಳ್ಳಬೇಕು. ಮುಂದೆ ಕಚೇರಿಯಲ್ಲಿ ಅದನ್ನು ಕನ್ನಡದ ಕೆಳಗೆ ವಿಂಗಡಿಸಬಹುದು, ಆದರೂ ಮೂಲ ದಾಖಲೆಯಲ್ಲಿ ಅದು ಉಳಿಯುತ್ತದೆ. ಪಕ್ಕದ ಮನೆಯವರು ‘ಕೊಡವ’ ಎಂದರೂ ‘ಕೂರ್ಗಿ’ ಎಂದರೂ ಒಂದೇ ಭಾಷೆಯ ಕೆಳಗೆ ಸೇರುತ್ತದೆ. ‘ಕನ್ನಡ’ ಎಂದುಬಿಟ್ಟರೆ ಮಾತ್ರ ಅದನ್ನು ಮತ್ತೆ ಬೇರ್ಪಡಿಸಿ ತೆಗೆಯಲು ಯಾವ ವಿದ್ವಾಂಸರಿಗೂ ಸಾಧ್ಯವಿಲ್ಲ. 2027ರ ಜನಗಣತಿಗೆ ಗಣತಿದಾರರು ಮನೆಗೆ ಬಂದಾಗ ಆ ಕಾಲಮ್ಮಿನಲ್ಲಿ ಏನು ದಾಖಲಿಸಿದರು ಎಂದು ಕೇಳಿ ತಿಳಿದುಕೊಳ್ಳಿ. ತೋಟದಲ್ಲಿ ಯರವ ಕುಟುಂಬಗಳಿದ್ದರೆ ಅವರ ಲೈನ್‌ಮನೆಗೂ ಗಣತಿದಾರರ ಜೊತೆ ಹೋಗಿ, ಅವರ ಉತ್ತರವನ್ನು ಅವರ ಬಾಯಿಂದಲೇ ಹೇಳಿಸಿ.